15 ನಿಮಿಷದ ಸೆಮಿನಾರ್‌ಗೆ 34 ಸ್ಲೈಡ್ ಆಗಿದೆ: ಮಂಗನ ಕಾಯಿಲೆ ವಿಷಯದಲ್ಲಿ ಯಾವುದು ಇಡಲಿ, ಯಾವುದು ಬಿಡಲಿ?

ಶರಾವತಿ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಸೂಕ್ಷ್ಮಜೀವಿಶಾಸ್ತ್ರ, ಎರಡನೇ ಸೆಮಿಸ್ಟರ್. ಬರುವ ವಾರ ನನ್ನ ಕ್ಲಾಸ್ ಸೆಮಿನಾರ್ ಇದೆ. ಮಾತಿಗೆ 15 ನಿಮಿಷ, ಪ್ರಶ್ನೆಗೆ 5 ನಿಮಿಷ. ಕೇಳುವವರು ನಮ್ಮ ಕ್ಲಾಸಿನವರೇ, ಹಿಂದಿನ ಬೆಂಚಿನಲ್ಲಿ ಇಬ್ಬರು ಮೇಡಂ ಕೂತು ಅಂಕ ಹಾಕುತ್ತಾರೆ.

ವಿಷಯ ಮಂಗನ ಕಾಯಿಲೆ. ಊರು ಸಾಗರದ ಕಡೆ, ಹಾಗಾಗಿ ನಾನೇ ಕೇಳಿ ತಗೊಂಡಿದ್ದು. ಓದುತ್ತಾ ಹೋದಂತೆ ಎಲ್ಲವೂ ಮುಖ್ಯ ಅನಿಸಿತು. ವೈರಸ್ಸಿನ ರಚನೆ, ಜೀನೋಮ್, ಇತಿಹಾಸ, ಉಣುಗಿನ ಜೀವನಚಕ್ರ, ರೋಗಲಕ್ಷಣ, ಪರೀಕ್ಷೆ, ಚಿಕಿತ್ಸೆ, ಲಸಿಕೆ, ಹರಡಿದ ಜಿಲ್ಲೆಗಳು, ತಡೆಗಟ್ಟುವಿಕೆ. ಸೇರಿ 34 ಸ್ಲೈಡ್. ನಮ್ಮ ಗೈಡ್ ನೋಡಿ "ಹತ್ತರ ಒಳಗೆ ತಾ" ಅಂದರು. ಯಾವುದನ್ನು ತೆಗೆಯಬೇಕೋ ಗೊತ್ತಾಗುತ್ತಿಲ್ಲ. ಸ್ಲೈಡ್ ಕಡಿಮೆ ಮಾಡಿದರೆ ಓದಿಲ್ಲ ಅಂದುಕೊಳ್ಳುತ್ತಾರೇನೋ ಅನ್ನುವ ಭಯ ಒಂದು, ಪ್ರಶ್ನೆಗಳ ಭಯ ಇನ್ನೊಂದು.

ಹರೀಶ_ಟೆಕ್

ಇದಕ್ಕೆ ಲೆಕ್ಕ ಸುಲಭ ಇದೆ. ಒಂದು ಸ್ಲೈಡಿಗೆ ಒಂದು ನಿಮಿಷ, 15 ನಿಮಿಷಕ್ಕೆ 15 ಸ್ಲೈಡ್. ಒಂದು ಸ್ಲೈಡಿನಲ್ಲಿ ಆರು ಸಾಲು, ಒಂದು ಸಾಲಿನಲ್ಲಿ ಆರು ಪದ. ನಮ್ಮ ಕಂಪನಿಯಲ್ಲಿ ಎಲ್ಲರೂ ಹೀಗೇ ಮಾಡುತ್ತೇವೆ. ನಿಮ್ಮ 34ರಲ್ಲಿ ಎರಡೆರಡನ್ನು ಒಂದು ಮಾಡಿ, 17ಕ್ಕೆ ಇಳಿಯುತ್ತದೆ. ಇನ್ನೆರಡು ತೆಗೆದರೆ ಆಯಿತು.

ಸಾವಿತ್ರಿ_ಸಿದ್ದಾಪುರ

ತಂಗಿ, ನಮ್ಮ ಮನೆಯವರು ದಿನಾ ಸೊಪ್ಪು ದರಕಿಗೆ ಬೆಟ್ಟಕ್ಕೆ ಹೋಗುತ್ತಾರೆ. ಹೋದ ವರ್ಷ ಆಶಾ ಕಾರ್ಯಕರ್ತೆ ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳಲಿಕ್ಕೆ ಎಣ್ಣೆ ಕೊಟ್ಟಿದ್ದರು, ಈ ಸಲ ಇನ್ನೂ ಬಂದಿಲ್ಲ. ಅದು ಎಲ್ಲಿ ಸಿಗುತ್ತದೆ? ಲಸಿಕೆ ಮತ್ತೆ ಶುರು ಆಗಿದೆಯಾ? ಮನೆ ಹತ್ತಿರ ಮಂಗ ಸತ್ತರೆ ಯಾರಿಗೆ ಹೇಳಬೇಕು?

ಗುರುಮೂರ್ತಿ_ಮೇಷ್ಟ್ರು

ಸಾವಿತ್ರಿಯವರೇ, ಎಣ್ಣೆಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೇಳಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಅಲ್ಲಿಗೇ ತಿಳಿಸಿ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು, ಹೊಸದರ ಕೆಲಸ ನಡೆದಿದೆ. ಬೆಟ್ಟದಿಂದ ಬಂದ ಮೇಲೆ ಜ್ವರ ಕಾಣಿಸಿದರೆ ತಡ ಮಾಡಬೇಡಿ, ಬೆಟ್ಟಕ್ಕೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಶರಾವತಿ, ಈಗ ನಿನ್ನ ವಿಷಯ. ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು, ವಿದ್ಯಾರ್ಥಿಗಳ ಸೆಮಿನಾರ್ ಕೇಳಿದ್ದು ಬಹಳ. ಸಾವಿತ್ರಿಯವರು ಬೇರೆ ಏನೋ ಕೇಳಿದರು ಅನ್ನಿಸಬಹುದು, ಆದರೆ ಅವರ ಮೂರನೇ ಪ್ರಶ್ನೆಯಲ್ಲೇ ನಿನ್ನ ಸೆಮಿನಾರ್ ಇದೆ. ಮಂಗ ಸತ್ತರೆ ಯಾಕೆ ಯಾರಿಗಾದರೂ ಹೇಳಬೇಕು? ಕಾಯಿಲೆ ಮನುಷ್ಯನಿಗೆ ಮಂಗ ಕಚ್ಚಿ ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹಾಗಿದ್ದೂ ಒಂದು ಮಂಗ ಸತ್ತ ಜಾಗಕ್ಕೆ ಆರೋಗ್ಯ ಇಲಾಖೆಯವರು ಓಡಿ ಬಂದು ಸುತ್ತ ಔಷಧ ಹೊಡೆಯುತ್ತಾರೆ. ಯಾಕೆ?

"ಮಂಗನ ಕಾಯಿಲೆ" ಅನ್ನುವುದು ವಿಷಯದ ಹೆಸರು ಅಷ್ಟೆ. ಹೆಸರಿನ ಕೆಳಗೆ ಏನು ಬೇಕಾದರೂ ಸೇರಿಕೊಳ್ಳುತ್ತದೆ, ಅದಕ್ಕೇ 34 ಆಗಿದೆ. "ಮಂಗ ಸತ್ತ ಜಾಗ ಮನುಷ್ಯನಿಗೆ ಯಾಕೆ ಅಪಾಯ?" ಅನ್ನುವುದು ಪ್ರಶ್ನೆ. ಈಗ ನಿನ್ನ ಒಂದೊಂದು ಸ್ಲೈಡ್ ತೆಗೆದುಕೊಂಡು, ಇದು ಆ ಪ್ರಶ್ನೆಗೆ ಉತ್ತರ ಕೊಡಲು ಬೇಕೇ ಅಂತ ನೋಡು. ಜೀನೋಮ್ ಬೇಡ, ಚಿಕಿತ್ಸೆ ಬೇಡ, ಪರೀಕ್ಷೆಯೂ ಬೇಡ. ಉಣುಗಿನ ಜೀವನಚಕ್ರ ಬೇಕೇ ಬೇಕು. ಹರೀಶರು ಹೇಳಿದಂತೆ ಎರಡೆರಡು ಸೇರಿಸಿದರೆ ಸ್ಲೈಡ್ ಕಡಿಮೆಯಾಗುತ್ತದೆ, ಮಾತು ಹಾಗೇ ಉಳಿಯುತ್ತದೆ. ಜೊತೆಗೆ ಅಕ್ಷರ ಚಿಕ್ಕದಾಗುತ್ತದೆ.

ತೆಗೆದದ್ದನ್ನು ಅಳಿಸಬೇಡ. ಕೊನೆಯ ಸ್ಲೈಡಿನ ನಂತರ ಇಟ್ಟುಕೋ. ಪ್ರಶ್ನೆ ಬಂದಾಗ ಅಲ್ಲಿಂದ ಒಂದನ್ನು ತೆರೆದು ತೋರಿಸಿದರೆ, ಓದಿಲ್ಲ ಅಂತ ಯಾರೂ ಅನ್ನುವುದಿಲ್ಲ.

ಬಸವರಾಜ_ಕಲಬುರಗಿ

ಶರಾವತಿ ಅವರ, ನಾನು ಎಂಎ ಇತಿಹಾಸ. ನಮ್ಮ ಕಡೆ ಸೆಮಿನಾರ್ ಅಂದ್ರ ಸ್ಲೈಡ ನೋಡಿ ಓದೂದು. ಹೋದ ಸೆಮಿಸ್ಟರ್‌ದಾಗ ನಮ್ಮ ಗೆಳೆಯಾ ಒಬ್ಬ ಇಡೀ ಪ್ಯಾರಾ ಹಾಕಿದ್ದ, ಗ್ವಾಡಿ ಕಡೆ ಮುಖ ಮಾಡಿ ಓದಿದ. ಹಿಂದ ಕುಂತವರು ಅವನಕಿಂತ ಮೊದಲ ಓದಿ ಮುಗಿಸಿ ಫೋನ್ ತೆಗದರು. ಸ್ಲೈಡ್‌ನಾಗ ಇದ್ದದ್ದನ್ನ ಬಾಯಿಲೆ ಹೇಳಬಾರದು ಅಂತ ಆವತ್ತ ಗೊತ್ತಾತು. ಆದರ ಸ್ಲೈಡ್‌ನಾಗ ಬರಿಲಿಲ್ಲಂದ್ರ ನನಗ ನೆನಪ ಇರೂದಿಲ್ಲ. ಇದಕ್ಕ ಏನ ಮಾಡಬೇಕು?

ಗುರುಮೂರ್ತಿ_ಮೇಷ್ಟ್ರು

ಬಸವರಾಜ, ನೆನಪಿಗೆ ಬೇಕಾದದ್ದು ಕೈಯಲ್ಲಿರುವ ಚೀಟಿಯಲ್ಲಿರಲಿ. ಗೋಡೆಯ ಮೇಲೆ ಇರಬೇಕಾದದ್ದು ಕೇಳುವವರಿಗೆ ಬೇಕಾದದ್ದು ಮಾತ್ರ. ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ತೆಗೆದುಕೊಂಡು ಸ್ಲೈಡಿಗೊಂದರಂತೆ ಬರೆದುಕೊಳ್ಳಿ. ಪೂರ್ತಿ ವಾಕ್ಯ ಬೇಡ, ಬರೆದರೆ ಅದನ್ನೇ ಓದುತ್ತೀರಿ. ಆ ಸ್ಲೈಡಿನ ಮೊದಲ ವಾಕ್ಯ ಮಾತ್ರ ಪೂರ್ತಿ ಬರೆಯಿರಿ, ಉಳಿದದ್ದಕ್ಕೆ ಎರಡು ಮೂರು ಪದ ಸಾಕು. ಮೊದಲ ವಾಕ್ಯ ಬಾಯಿಗೆ ಬಂದರೆ ಮುಂದಿನದು ತಾನೇ ಬರುತ್ತದೆ. ಸಾಮಾನ್ಯವಾಗಿ ತಡವರಿಸುವುದು ಸ್ಲೈಡ್ ಬದಲಾದ ಕ್ಷಣದಲ್ಲೇ.

ಶರಾವತಿ_ಎಂಎಸ್ಸಿ

ಸರ್, ನೀವು ಹೇಳಿದ ಪ್ರಶ್ನೆ ಇಟ್ಟುಕೊಂಡು ಕೂತೆ. ಏಳಕ್ಕೆ ಬಂದಿದೆ. ನೋಡಿ ಹೇಳಿ:

1. ಶೀರ್ಷಿಕೆ ಮತ್ತು ಆ ಪ್ರಶ್ನೆ
2. ನಕ್ಷೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, ಆಮೇಲೆ ಹರಡಿದ ಜಾಗಗಳು
3. ಉಣುಗಿನ ಜೀವನ: ಮರಿ, ನಿಂಫ್, ವಯಸ್ಕ
4. ಮಂಗ ಸತ್ತಾಗ ಆ ಜಾಗದಲ್ಲಿ ಏನಾಗುತ್ತದೆ
5. ಯಾವ ತಿಂಗಳಲ್ಲಿ ಎಷ್ಟು ರೋಗಿಗಳು
6. ಹಳೆಯ ಲಸಿಕೆ ಎಷ್ಟು ಕೆಲಸ ಮಾಡಿತು
7. ಇನ್ನೂ ಉತ್ತರ ಸಿಗದ ಪ್ರಶ್ನೆಗಳು

ಆರನೆಯದು ನಿಮ್ಮ ಪ್ರಶ್ನೆಗೆ ನೇರವಾಗಿ ಸೇರುವುದಿಲ್ಲ, ಗೊತ್ತು. ಆದರೆ ಲಸಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ, ಬಿಡಲು ಮನಸ್ಸಿಲ್ಲ.

ಹರೀಶ_ಟೆಕ್

ಏಳು ತೀರಾ ಕಡಿಮೆ ಆಯಿತು. ಒಂದೇ ಸ್ಲೈಡ್ ಎರಡು ನಿಮಿಷ ಪರದೆ ಮೇಲೆ ನಿಂತರೆ ಜನಕ್ಕೆ ಬೇಸರ ಬರುತ್ತದೆ. ಮೂರು, ನಾಲ್ಕನೆಯದನ್ನು ಒಡೆದು ಒಂದೊಂದು ಹಂತಕ್ಕೆ ಒಂದು ಸ್ಲೈಡ್ ಮಾಡಿ.

ಗುರುಮೂರ್ತಿ_ಮೇಷ್ಟ್ರು

ಹರೀಶರ ಮಾತಿನಲ್ಲಿ ಅರ್ಧ ಸರಿ ಇದೆ. ನಾಲ್ಕನೆಯ ಚಿತ್ರವನ್ನು ಒಟ್ಟಿಗೇ ತೋರಿಸಬಾರದು, ಹಂತ ಹಂತವಾಗಿ ಮೂಡಿಸಬೇಕು. ಅದಕ್ಕೆ ಸ್ಲೈಡ್ ಒಡೆಯುವುದು ಬೇಡ, ಒಂದೇ ಚಿತ್ರದಲ್ಲಿ ಒಂದೊಂದು ಭಾಗ ಒಂದೊಂದು ಕ್ಲಿಕ್ಕಿಗೆ ಬರುವಂತೆ ಮಾಡಿದರೆ ಸಾಕು. ಹಿಂದಿನದು ಕಣ್ಣೆದುರೇ ಇರುತ್ತದೆ, ಹೊಸದು ಅದಕ್ಕೆ ಸೇರುತ್ತದೆ. ಬೇರೆ ಬೇರೆ ಸ್ಲೈಡಾದರೆ ಹಿಂದಿನ ಹಂತವನ್ನು ತಲೆಯಲ್ಲಿ ಹೊತ್ತುಕೊಂಡು ಕೂರುವ ಕೆಲಸ ಕೇಳುವವರಿಗೆ ಬೀಳುತ್ತದೆ.

ಆ ಚಿತ್ರ ಹೀಗಿರಲಿ. ಮೊದಲ ಕ್ಲಿಕ್: ಮರದ ಮೇಲೆ ಒಂದು ಮಂಗ, ಮೈಮೇಲೆ ಉಣುಗು ಮರಿಗಳು. ಮಂಗಕ್ಕೆ ಸೋಂಕು ತಗಲಿ ರಕ್ತದಲ್ಲಿ ವೈರಸ್ ಹೆಚ್ಚಾಗಿದೆ ಅಂತ ಹೇಳು. ಎರಡನೆಯದು: ಮಂಗ ನೆಲಕ್ಕೆ ಬಿದ್ದಿದೆ, ಉಣುಗುಗಳು ಮೈ ಬಿಟ್ಟು ಸುತ್ತಲಿನ ದರಕಿನ ಮೇಲೆ ಇಳಿಯುತ್ತಿವೆ. ಮೂರನೆಯದು: ರಕ್ತ ಹೀರಿದ್ದ ಮರಿ ಪೊರೆ ಬಿಟ್ಟು ನಿಂಫ್ ಆಗಿದೆ, ವೈರಸ್ ಅದರೊಳಗೇ ಉಳಿದಿದೆ. ನಾಲ್ಕನೆಯದು: ಅದೇ ಜಾಗಕ್ಕೆ ಸೌದೆಗೋ ದರಕಿಗೋ ಒಬ್ಬರು ಬಂದಿದ್ದಾರೆ, ಆ ನಿಂಫ್ ಅವರನ್ನು ಕಚ್ಚುತ್ತದೆ. ನಾಲ್ಕು ಕ್ಲಿಕ್ಕಿಗೆ ಮೂರೂವರೆ ನಿಮಿಷ. ಇಲ್ಲಿ ಯಾರಿಗೂ ಬೇಸರ ಬರುವುದಿಲ್ಲ, ನಿನ್ನ ಇಡೀ ಸೆಮಿನಾರಿನ ಉತ್ತರ ಈ ಒಂದು ಚಿತ್ರದಲ್ಲಿದೆ.

ಆರನೆಯದು ಇರಲಿ. ಎರಡು ಕಂಬದ ಚಿತ್ರಕ್ಕಿಂತ ಹೆಚ್ಚು ಬೇಡ.

ಇನ್ನು ಸಮಯ. 15 ನಿಮಿಷ ಕೊಟ್ಟಿದ್ದರೆ 13ಕ್ಕೆ ಸಿದ್ಧಮಾಡು. ಮೈಕ್, ಕೇಬಲ್ಲು, ಯಾರೋ ತಡವಾಗಿ ಒಳಗೆ ಬರುವುದು, ಎರಡು ನಿಮಿಷ ಹೀಗೇ ಹೋಗುತ್ತದೆ. ಒಂದನೆಯದಕ್ಕೆ 1 ನಿಮಿಷ, ಎರಡಕ್ಕೆ 2, ಮೂರಕ್ಕೆ ಎರಡೂವರೆ, ನಾಲ್ಕಕ್ಕೆ ಮೂರೂವರೆ, ಐದಕ್ಕೆ ಒಂದೂವರೆ, ಆರಕ್ಕೆ 2, ಏಳಕ್ಕೆ ಅರ್ಧ. ನಾಲ್ಕನೆಯ ರಟ್ಟಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ "5:30" ಅಂತ ಬರೆ, ಐದರ ಮೇಲೆ "9:00" ಅಂತ. ನಾಲ್ಕಕ್ಕೆ ಬಂದಾಗ ಗಡಿಯಾರ ಏಳು ನಿಮಿಷ ತೋರಿಸಿದರೆ ಐದನೆಯದನ್ನು ಬಿಟ್ಟುಬಿಡಬೇಕು. "ರೋಗಿಗಳು ಹೆಚ್ಚು ಕಾಣುವುದು ಡಿಸೆಂಬರಿನಿಂದ ಮೇವರೆಗೆ, ನಿಂಫ್‌ಗಳು ಓಡಾಡುವುದೂ ಆಗಲೇ" ಅಂತ ಒಂದು ವಾಕ್ಯ ಹೇಳಿ ಮುಂದೆ ಹೋಗು. ಯಾವುದನ್ನು ಬಿಡುವುದು ಅಂತ ಮನೆಯಲ್ಲೇ ನಿರ್ಧಾರವಾಗಿರಬೇಕು. ನಿಂತಲ್ಲಿ ನಿರ್ಧರಿಸಲು ಹೋದರೆ ಬಿಡುವ ಬದಲು ಎಲ್ಲವನ್ನೂ ಓಡಿಸುತ್ತೀಯ.

ಪ್ರಸನ್ನ_ಪ್ರೊಜೆಕ್ಟರ್

ನಾನು ಒಂದು ಕಾಲೇಜಿನ ಸೆಮಿನಾರ್ ಹಾಲ್ ನೋಡಿಕೊಳ್ಳುವವನು. ಮೇಷ್ಟ್ರು ಹೇಳಿದ ಎರಡು ನಿಮಿಷ ಎಲ್ಲಿ ಹೋಗುತ್ತದೆ ಅಂತ ಹೇಳುತ್ತೇನೆ ಮೇಡಂ.

ಮೊದಲನೆಯದು ಕನ್ನಡ ಅಕ್ಷರ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ, ಹಾಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. "ಮಂಗನ ಕಾಯಿಲೆ" ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪವರ್‌ಪಾಯಿಂಟ್‌ನ ಸೇವ್ ಆಯ್ಕೆಗಳಲ್ಲಿ `Embed fonts in the file` ಅಂತ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಏನಕ್ಕೂ ಇರಲಿ ಅಂತ ಪಿಡಿಎಫ್ ಒಂದನ್ನು ಪೆನ್‌ಡ್ರೈವ್‌ನಲ್ಲೂ ಮೇಲ್‌ನಲ್ಲೂ ಇಟ್ಟುಕೊಳ್ಳಿ. ಆದರೆ ಪಿಡಿಎಫ್‌ನಲ್ಲಿ ಕ್ಲಿಕ್ಕಿಗೊಂದು ಭಾಗ ಮೂಡುವುದಿಲ್ಲ, ಇಡೀ ಚಿತ್ರ ಒಮ್ಮೆಗೇ ಬರುತ್ತದೆ. ಆ ಒಂದು ನಾಲ್ಕನೆಯ ಸ್ಲೈಡನ್ನು ಪಿಡಿಎಫ್‌ಗೋಸ್ಕರ ನಾಲ್ಕು ಪುಟ ಮಾಡಿಟ್ಟುಕೊಳ್ಳಿ.

ಎರಡನೆಯದು ಬೆಳಕು. ನಮ್ಮ ಹಾಲ್‌ಗಳಲ್ಲಿ ಕಿಟಕಿಗೆ ಪರದೆ ಸರಿ ಇರುವುದಿಲ್ಲ. ಮಧ್ಯಾಹ್ನ ತಿಳಿ ಹಳದಿ, ತಿಳಿ ಹಸಿರು ಯಾವುದೂ ಕಾಣುವುದಿಲ್ಲ. ಬಿಳಿ ಮೇಲೆ ಕಪ್ಪು ಅಥವಾ ಕಡು ನೀಲಿ. ಹಿಂದಿನ ದಿನ ಹಾಲಿಗೆ ಹೋಗಿ ಹಾಕಿ, ಕಡೆ ಬೆಂಚಿನಲ್ಲಿ ನೀವೇ ಕೂತು ಓದಿ ನೋಡಿ.

ಸ್ಲೈಡ್ ಶೋ ನಡೆಯುವಾಗ ಕೀಬೋರ್ಡಿನಲ್ಲಿ `B` ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್ ಬರುತ್ತದೆ. ಸ್ಲೈಡ್ ನಂಬರ್ ಒತ್ತಿ `Enter` ಹೊಡೆದರೆ ನೇರ ಆ ಸ್ಲೈಡಿಗೆ ಹೋಗುತ್ತದೆ. ಮೇಷ್ಟ್ರು ಹೇಳಿದ ಹಾಗೆ ಕೊನೆಯಲ್ಲಿ ಇಟ್ಟ ಸ್ಲೈಡ್ ತೆರೆಯಲು ಇದು ಬೇಕಾಗುತ್ತದೆ, ಇಲ್ಲದಿದ್ದರೆ ಎಲ್ಲರೆದುರು ಒಂದೊಂದಾಗಿ ದಾಟಿಸುತ್ತಾ ಹೋಗಬೇಕು. ಯಾವ ನಂಬರಿನಲ್ಲಿ ಏನಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ.

ಶರಾವತಿ_ಎಂಎಸ್ಸಿ

ಪ್ರಸನ್ನ ಅವರೇ, ತುಂಬಾ ಉಪಕಾರವಾಯಿತು. ನಂಬರ್ ಒತ್ತಿ ಹೋಗಬಹುದು ಅಂತ ಗೊತ್ತೇ ಇರಲಿಲ್ಲ.

ನಿನ್ನೆ ರಾತ್ರಿ ಹಾಸ್ಟೆಲ್ ಟೆರೇಸಿನಲ್ಲಿ ಫೋನಿನಲ್ಲಿ ಟೈಮರ್ ಇಟ್ಟು, ರೂಮ್‌ಮೇಟ್ ಎದುರು ಜೋರಾಗಿ ಹೇಳಿದೆ. ಎರಡನೆಯ ಸ್ಲೈಡ್ ಒಂದಕ್ಕೇ ನಾಲ್ಕು ನಿಮಿಷ ಹಿಡಿಯಿತು. ಕಾಡಿನಲ್ಲಿ ಮಂಗಗಳು ಸತ್ತಿದ್ದು, ಮೊದಲು ಹಳದಿ ಜ್ವರ ಇರಬಹುದು ಅಂತ ಶಂಕಿಸಿದ್ದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಬೇರ್ಪಡಿಸಿದ್ದು, 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ, 2019ರ ಹೊತ್ತಿಗೆ ನಮ್ಮ ಅರಳಗೋಡು. ಅದು ನಮ್ಮ ಸೀಮೆಯ ಕಥೆ, ಹೇಳುತ್ತಾ ಹೋದರೆ ನಿಲ್ಲಿಸಲು ಆಗುವುದಿಲ್ಲ. ನಾಲ್ಕನೆಯದಕ್ಕೆ ಬರುವಾಗ ಏಳೂಮುಕ್ಕಾಲು. ರೂಮ್‌ಮೇಟ್ ಕಲಾ ವಿಭಾಗದವಳು. ಕೊನೆಗೆ "ಹಳದಿ ಜ್ವರ ಅಂದಿದ್ದು ಚೆನ್ನಾಗಿತ್ತು, ಮಂಗ ಸತ್ತರೆ ಏನಾಗುತ್ತೆ ಅನ್ನೋದು ಸರಿಯಾಗಿ ಸಿಗಲಿಲ್ಲ" ಅಂದಳು.

ಗುರುಮೂರ್ತಿ_ಮೇಷ್ಟ್ರು

ನಿನ್ನ ರೂಮ್‌ಮೇಟ್ ಒಳ್ಳೆಯ ಪರೀಕ್ಷಕಿ. ಅವಳನ್ನೇ ಮತ್ತೆ ಕೂರಿಸಿಕೋ. "ಹೇಗಿತ್ತು" ಅಂತ ಕೇಳಬೇಡ, "ಮಂಗ ಸತ್ತ ಜಾಗ ಯಾಕೆ ಅಪಾಯ, ನೀನು ಹೇಳು" ಅಂತ ಕೇಳು. ಅವಳ ಬಾಯಲ್ಲಿ ಎಲ್ಲಿ ತಪ್ಪುತ್ತದೋ ಅಲ್ಲಿ ನಿನ್ನ ಮಾತು ಸಾಲದು ಅಂತ ಲೆಕ್ಕ.

ನಕ್ಷೆಗೆ ಮೂರು ವಾಕ್ಯ ಕೊಡು. 1957ರಲ್ಲಿ ಇಲ್ಲಿ ಗುರುತಿಸಿದರು. ಬಹಳ ಕಾಲ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಲ್ಲೇ ಇತ್ತು. 2012ರಿಂದ ಈಚೆಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಬೇರೆ ರಾಜ್ಯಗಳಲ್ಲೂ ಕಂಡಿದೆ. ಊರುಗಳ ಹೆಸರು ನಕ್ಷೆಯಲ್ಲೇ ಇವೆ, ನೀನು ಓದಬೇಕಿಲ್ಲ. ಹಳದಿ ಜ್ವರದ ಮಾತು ಒಂದನ್ನು ಮೊದಲ ಸ್ಲೈಡಿಗೆ ತಂದು ಮಾತು ಶುರು ಮಾಡಲು ಬಳಸಿಕೋ, ಅದಕ್ಕೆ ಜನ ಕಿವಿಗೊಡುತ್ತಾರೆ.

ವೇಗದ ಬಗ್ಗೆ ಒಂದು ಮಾತು. ನಿಧಾನ ಮಾತಾಡು ಅಂದರೆ ವಿದ್ಯಾರ್ಥಿಗಳು ಪದ ಪದ ಎಳೆಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಮಾತಿನ ವೇಗ ನಿನ್ನ ಸಹಜ ವೇಗವೇ ಇರಲಿ, ನಿಲ್ಲುವ ಜಾಗಗಳನ್ನು ಗೊತ್ತುಮಾಡಿಕೋ. ಸ್ಲೈಡ್ ಬದಲಾದ ಕೂಡಲೇ ಎರಡು ಮೂರು ಸೆಕೆಂಡ್ ಸುಮ್ಮನಿರು. ಎಲ್ಲರ ಕಣ್ಣು ಪರದೆ ಮೇಲಿರುತ್ತದೆ, ಆಗ ಆಡಿದ ಮಾತು ಕಿವಿಗೆ ಬೀಳುವುದಿಲ್ಲ. ಗ್ರಾಫ್ ಬಂದರೆ ಅಡ್ಡ ಗೆರೆಯಲ್ಲಿ ಏನು, ಉದ್ದ ಗೆರೆಯಲ್ಲಿ ಏನು ಅಂತ ಮೊದಲು ಹೇಳು, ಆಮೇಲೆ ಏನು ಕಾಣುತ್ತದೆ ಅಂತ, ಕೊನೆಗೆ ಅದರ ಅರ್ಥ. ಈ ಕ್ರಮ ತಪ್ಪಿದರೆ ಅರ್ಥ ಹೇಳುವಾಗ ಅವರಿನ್ನೂ ಗೆರೆ ಹುಡುಕುತ್ತಿರುತ್ತಾರೆ.

ಹರೀಶ_ಟೆಕ್

ಲಸಿಕೆ ಸ್ಲೈಡಿನಲ್ಲಿ ಯಾವ ಅಂಕಿ ಹಾಕಿದ್ದೀರಿ? ನಾನೂ ಹುಡುಕಿ ನೋಡಿದೆ. 2005ರಿಂದ 2010ರ ಮಾಹಿತಿ ಇಟ್ಟುಕೊಂಡ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ಅಂತಿದೆ. ಅಂದರೆ ಎರಡು ಡೋಸ್ ಹಾಕಿಸಿಕೊಂಡ 100 ಜನರಲ್ಲಿ 38 ಜನಕ್ಕೆ ಕಾಯಿಲೆ ಬಂತು. ಇದನ್ನು ಹೇಳಿದರೆ ಲಸಿಕೆ ಯಾಕೆ ನಿಲ್ಲಿಸಿದರು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಗುರುಮೂರ್ತಿ_ಮೇಷ್ಟ್ರು

ಅಂಕಿ ಸರಿ ಇದೆ ಹರೀಶ, ಅರ್ಥ ಹಾಗಲ್ಲ. ಶರಾವತಿ, ಇದನ್ನು ಗಮನವಿಟ್ಟು ಓದು, ಕ್ಲಾಸಿನಲ್ಲಿ ಇದೇ ಪ್ರಶ್ನೆ ಏಳುತ್ತದೆ.

62% ಅನ್ನುವುದು ಲಸಿಕೆ ಹಾಕಿಸಿಕೊಳ್ಳದವರಿಗೆ ಹೋಲಿಸಿದ ಲೆಕ್ಕ. ಒಂದು ಊಹೆಯ ಉದಾಹರಣೆ ತಗೋ. ಲಸಿಕೆ ಇಲ್ಲದ 1000 ಜನರಲ್ಲಿ 10 ಜನಕ್ಕೆ ಕಾಯಿಲೆ ಬಂತು ಅಂದುಕೊಳ್ಳೋಣ. ಎರಡು ಡೋಸ್ ಆದ 1000 ಜನರಲ್ಲಿ ಸುಮಾರು 4 ಜನಕ್ಕೆ ಬರುತ್ತದೆ. ಹತ್ತರಲ್ಲಿ ಆರು ತಪ್ಪಿತು, ಅದೇ 62%. ನೂರರಲ್ಲಿ 38 ಜನಕ್ಕೆ ಬಂದಿದ್ದರೆ ಊರಿಗೆ ಊರೇ ಮಲಗುತ್ತಿತ್ತು. ಸ್ಲೈಡಿನಲ್ಲಿ ಬರೀ 62, 83 ಅಂತ ಎರಡು ಕಂಬ ನಿಲ್ಲಿಸಿದರೆ ಹರೀಶರಂತೆಯೇ ಎಲ್ಲರೂ ಓದುತ್ತಾರೆ. ಅದರ ಬದಲು "1000 ಜನರಲ್ಲಿ" ಅಂತ ತಲೆಬರಹ ಹಾಕಿ, ಲಸಿಕೆ ಇಲ್ಲದೆ 10, ಎರಡು ಡೋಸ್‌ಗೆ 4, ಬೂಸ್ಟರ್ ಸೇರಿ 2 ಅಂತ ಚುಕ್ಕಿ ಬಿಡಿಸು. ಕೆಳಗೆ "ಊಹೆಯ ಉದಾಹರಣೆ" ಅಂತ ಕಾಣುವಂತೆ ಬರೆ. ನಿಜವಾದ ಶೇಕಡಾವಾರು ಬಾಯಲ್ಲಿ ಹೇಳು.

ಎರಡು ಕಂಬ ಸಾಕು ಅಂತ ನಾನೇ ಹೇಳಿದ್ದೆ. ಹರೀಶರ ಮಾತು ಓದಿದ ಮೇಲೆ ಚುಕ್ಕಿಯೇ ಮೇಲು ಅನ್ನಿಸುತ್ತಿದೆ.

ಹರೀಶ_ಟೆಕ್

ಸರಿ ಸರ್, ಈಗ ಅರ್ಥವಾಯಿತು. ಚುಕ್ಕಿಯ ಚಿತ್ರ ನಾನು ಬಿಡಿಸಿ ಕಳಿಸುತ್ತೇನೆ ಶರಾವತಿ, ಅದು ನನ್ನ ಕೆಲಸದ ಭಾಗವೇ. ಆದರೂ ಏಳು ಸ್ಲೈಡ್ ಕಡಿಮೆ ಅಂತಲೇ ನನ್ನ ಅಭಿಪ್ರಾಯ.

ಬಸವರಾಜ_ಕಲಬುರಗಿ

ಪ್ರಶ್ನೆ ಬಗ್ಗೆ ಯಾರೂ ಹೇಳಲೇ ಇಲ್ಲಲ್ರಿ. ನಮ್ಮ ಕ್ಲಾಸ್‌ನಾಗ ಒಬ್ಬಾಂವ ಅದಾನ, ಪ್ರಶ್ನೆ ಕೇಳೂದು ಉತ್ತರಾ ಬೇಕಂತಲ್ಲ, ಸಿಗಿಸಾಕ. ಹಿಂದ ಕುಂತು "ಇದು ಯಾವ ವರ್ಷ, ಅದು ಯಾವ ಪುಟ" ಅಂತ ಕೇಳ್ತಾನ. ಅಂಥವನಿಗೆ ಏನ ಹೇಳೂದು?

ಗುರುಮೂರ್ತಿ_ಮೇಷ್ಟ್ರು

ಅವನಿಗೂ ಬೇರೆಯವರಿಗೂ ಒಂದೇ ರೀತಿ. ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳಬೇಕು, ಅರ್ಧಕ್ಕೇ ಬಾಯಿ ಹಾಕಬಾರದು. ಆಮೇಲೆ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಚಿಕ್ಕದಾಗಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಿಂದಿನವರಿಗೆ ಪ್ರಶ್ನೆ ತಲುಪುತ್ತದೆ, ನಮಗೂ ಯೋಚಿಸಲು ನಾಲ್ಕು ಸೆಕೆಂಡ್ ಸಿಗುತ್ತದೆ. ನಂತರ ಎರಡು ಮೂರು ವಾಕ್ಯದಲ್ಲಿ ಉತ್ತರ, ಅಲ್ಲಿಗೆ ನಿಲ್ಲಿಸಬೇಕು. ಉತ್ತರ ಮುಗಿದರೂ ಮಾತು ನಿಲ್ಲಿಸದೆ ಇರುವುದರಿಂದಲೇ ಹೆಚ್ಚು ಜನ ಸಿಕ್ಕಿಬೀಳುತ್ತಾರೆ.

ಶರಾವತಿಗೆ ಬರಬಹುದಾದ ಪ್ರಶ್ನೆಗಳನ್ನೇ ನೋಡೋಣ. "ಹಸಿ ಹಾಲು ಕುಡಿದರೆ ಬರುತ್ತದಾ?" ಇದಕ್ಕೆ ಗೊತ್ತಿರುವ ಉತ್ತರ ಇದೆ: ಹಾಲಿನಿಂದ ಹರಡಿದ್ದಕ್ಕೆ ಸಾಕ್ಷ್ಯವಿಲ್ಲ, ದನಗಳು ವಯಸ್ಕ ಉಣುಗುಗಳಿಗೆ ಆಹಾರವಾಗುತ್ತವೆ, ಅಷ್ಟೇ ಅವುಗಳ ಪಾತ್ರ. "ಮಂಗ ಸತ್ತ ಜಾಗ ಎಷ್ಟು ದಿನ ಅಪಾಯ?" ಇದು ಕಷ್ಟದ್ದು. ರಕ್ತ ಹೀರಿ ಮುಗಿಸುವ ಮೊದಲೇ ಮೈ ಬಿಟ್ಟ ನಿಂಫ್ ಆಗಲೇ ಇನ್ನೊಬ್ಬರನ್ನು ಹಿಡಿಯಬಹುದು, ಹೊಟ್ಟೆ ತುಂಬಿದ ಮರಿ ಮಾತ್ರ ಪೊರೆ ಬಿಟ್ಟ ಮೇಲೆ. ಹಾಗಾಗಿ ಒಂದೇ ದಿನಾಂಕ ಹೇಳಲಾಗದು. "ಎರಡು ದಾರಿ ಇದೆ, ಒಂದು ಕೂಡಲೇ, ಇನ್ನೊಂದು ತಡವಾಗಿ. ಎಷ್ಟು ದಿನ ಅನ್ನುವುದನ್ನು ನಾನು ಓದಿದ ಲೇಖನಗಳು ಅಳೆದಿಲ್ಲ" ಅಂತ ಹೇಳಿ ನಿಲ್ಲು. ಗೊತ್ತಿಲ್ಲ ಅಂದರೆ ಸಾಲದು, ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಗೆರೆ ಎಳೆದು ತೋರಿಸಬೇಕು. ಹಿಂದೆ ಕೂತ ಮೇಡಂಗಳು ಅಂಕ ಹಾಕುವುದು ಅದಕ್ಕೇ.

ಬಸವರಾಜ, ಪುಟ ಸಂಖ್ಯೆ ಕೇಳುವವನಿಗೆ "ನೋಡಿ ಹೇಳುತ್ತೇನೆ" ಅಂತ ಹೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಬರೆದುಕೊಂಡದ್ದು ಎಲ್ಲರಿಗೂ ಕಾಣಲಿ. ಮರುದಿನ ನಿಜವಾಗಿಯೂ ಹೇಳಿ.

ಸಾವಿತ್ರಿ_ಸಿದ್ದಾಪುರ

ಮೇಷ್ಟ್ರೇ, ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದೆ, ಎಣ್ಣೆ ಸಿಕ್ಕಿತು. ತಂಗಿ, ನಿನ್ನ ಚಿತ್ರದಲ್ಲಿ ಮಂಗ ಸತ್ತು ಬಿದ್ದ ಫೋಟೋ ಹಾಕಬೇಡ. ನಮ್ಮಲ್ಲಿ ಮಂಗ ಸತ್ತರೆ ಹೂವು ಹಾಕಿ ಮಣ್ಣು ಮಾಡುವವರಿದ್ದಾರೆ, ನೋಡಿದರೆ ಸಂಕಟ ಆಗುತ್ತದೆ.

ಪ್ರಸನ್ನ_ಪ್ರೊಜೆಕ್ಟರ್

ಸಾವಿತ್ರಿ ಅಮ್ಮ, ಫೋಟೋ ಇದ್ದರೆ ಜನಕ್ಕೆ ನಾಟುತ್ತದೆ ಅಂತ ನನಗನ್ನಿಸುತ್ತದೆ. ರೇಖಾಚಿತ್ರ ಮರೆತುಹೋಗುತ್ತದೆ.

ಶರಾವತಿ_ಎಂಎಸ್ಸಿ

ಇವತ್ತು ಸೆಮಿನಾರ್ ಮುಗಿಯಿತು. ಫೋಟೋ ಹಾಕಲಿಲ್ಲ, ಗೆರೆ ಚಿತ್ರವೇ ಇಟ್ಟೆ. ಸಾವಿತ್ರಿ ಅಕ್ಕ ಹೇಳಿದ್ದು ಒಂದು ಕಾರಣ. ಇನ್ನೊಂದು, ಫೋಟೋದಲ್ಲಿ ಉಣುಗು ಕಾಣುವುದಿಲ್ಲ, ನಾನು ತೋರಿಸಬೇಕಾಗಿದ್ದು ಉಣುಗನ್ನೇ.

ನಾಲ್ಕನೆಯ ಸ್ಲೈಡಿಗೆ ಬಂದಾಗ ಗಡಿಯಾರ ಆರು ನಿಮಿಷ ದಾಟಿತ್ತು, ಏಳಾಗಿರಲಿಲ್ಲ. ಹಾಗಾಗಿ ಐದನೆಯದನ್ನು ಬಿಡಲಿಲ್ಲ, ಚಿಕ್ಕದು ಮಾಡಿದೆ. ಮೂರನೆಯ ಕ್ಲಿಕ್ಕಿನಲ್ಲಿ ಮರಿ ನಿಂಫ್ ಆಗುವುದನ್ನು ತೋರಿಸಿದಾಗ ಮುಂದಿನ ಬೆಂಚಿನವಳು "ಓ, ಒಳಗೇ ಉಳಿಯುತ್ತಾ!" ಅಂತ ಜೋರಾಗಿಯೇ ಅಂದಳು. ನಾನು ಅಲ್ಲಿ ನಿಂತು, ಹೌದು ಅಂತ ಹೇಳಿ, ಇನ್ನೊಮ್ಮೆ ಅದನ್ನೇ ತೋರಿಸಿದೆ.

ಪ್ರಶ್ನೆಗಳು ನಾಲ್ಕು ಬಂದವು. ಹಾಲಿನದು ಬಂತು. ಲಸಿಕೆ ನಿಲ್ಲಿಸಿದ್ದು ಯಾಕೆ ಅಂತ ಬಂತು. ಯಾವ ಪರೀಕ್ಷೆ ಮಾಡುತ್ತಾರೆ ಅಂತ ಒಬ್ಬ ಕೇಳಿದಾಗ 9 ಒತ್ತಿ ಎಂಟರ್ ಹೊಡೆದೆ. ಜ್ವರ ಬಂದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಪ್ರತಿಕಾಯ ಅಂತ ಬಿಟ್ಟಿದ್ದ ಸ್ಲೈಡ್ ಬಂತು. ನಾಲ್ಕನೆಯದು ನಾವು ಯಾರೂ ಯೋಚಿಸದ್ದು: "ಮಂಗವೇ ಇಲ್ಲದ ಕಡೆ ಕಾಯಿಲೆ ಬರುತ್ತದಾ?" ಮರಿ ಉಣುಗುಗಳು ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ರಕ್ತವನ್ನೂ ಹೀರುತ್ತವೆ, ಅವೂ ವೈರಸ್ಸನ್ನು ಉಳಿಸಿಕೊಳ್ಳುವ ಚಕ್ರದಲ್ಲಿವೆ ಅಂತ ಹೇಳಿದೆ. ಮಂಗವಿಲ್ಲದೆ ಅವಷ್ಟರಿಂದಲೇ ಮನುಷ್ಯರಲ್ಲಿ ಏಕಾಏಕಿ ಹೆಚ್ಚಾಗಬಹುದಾ ಅನ್ನುವುದಕ್ಕೆ ನನ್ನ ಬಳಿ ಉತ್ತರವಿಲ್ಲ ಅಂದೆ. ಒಬ್ಬ ಮೇಡಂ ಅದನ್ನು ಬರೆದುಕೊಂಡರು. ಒಳ್ಳೆಯದಕ್ಕೋ ಅಲ್ಲವೋ ಅಂಕ ಬಂದಾಗ ಗೊತ್ತಾಗಬೇಕು.

ಒಂದು ವಿಷಯ ಮಾತ್ರ ಇನ್ನೂ ಕಾಡುತ್ತಿದೆ. ಸ್ಲೈಡ್ ಇಂಗ್ಲಿಷ್, ಮಾತು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಯಿತು. ಕನ್ನಡ ಮಾಧ್ಯಮದಿಂದ ಬಂದವರು ಆಮೇಲೆ ಬಂದು ಚೆನ್ನಾಗಿ ಅರ್ಥವಾಯಿತು ಅಂದರು. ಇನ್ನೊಬ್ಬ ಮೇಡಂ "ವೈಜ್ಞಾನಿಕ ಸೆಮಿನಾರ್ ಪೂರ್ತಿ ಇಂಗ್ಲಿಷಿನಲ್ಲೇ ಇರಬೇಕು" ಅಂದರು.

ಹರೀಶ_ಟೆಕ್

ಅಭಿನಂದನೆ! ಭಾಷೆ ವಿಷಯದಲ್ಲಿ ನಾನು ಆ ಮೇಡಂ ಕಡೆ. ನಾಳೆ ಇಂಟರ್‌ವ್ಯೂನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕಲ್ಲ, ಅಭ್ಯಾಸ ಇಲ್ಲೇ ಆಗಬೇಕು.

ಗುರುಮೂರ್ತಿ_ಮೇಷ್ಟ್ರು

ಕೇಳುವವರು ಕ್ಲಾಸಿನವರು ಹರೀಶ, ಇಂಟರ್‌ವ್ಯೂ ಮಾಡುವವರಲ್ಲ. ನಾನಾದರೆ ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿಟ್ಟು ವಿವರಣೆ ಕನ್ನಡದಲ್ಲೇ ಕೊಡಿಸುತ್ತಿದ್ದೆ. ಆದರೆ ಅಂಕ ಕೊಡುವವರ ನಿಯಮ ಏನು ಅಂತ ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು, ಅದನ್ನು ಹೇಳಲು ನನಗೂ ಹೊಳೆಯಲಿಲ್ಲ.

ಬಸವರಾಜ_ಕಲಬುರಗಿ

ಭಾರಿ ಆತ್ರಿ ಶರಾವತಿ ಅವರ. ನಂದು ಬರೂ ತಿಂಗಳ ಐತಿ, ವಿಷಯ "ರಾಷ್ಟ್ರಕೂಟರ ಆಡಳಿತ". ಮೇಷ್ಟ್ರ, ಇದೂ ಬರೇ ಹೆಸರ ಆತಲ್ರಿ, ಪ್ರಶ್ನೆ ಅಲ್ಲ. ಮಾನ್ಯಖೇಟ ನಮ್ಮ ಜಿಲ್ಲೆದಾಗ ಐತಿ, ಈಗಿನ ಮಳಖೇಡ. ರಾಜಧಾನಿ ಅಲ್ಲೇ ಯಾಕ ಮಾಡಿದ್ರು ಅಂತ ಹಿಡದ್ರ ನಡೀತದೇನ್ರಿ?